ಗೊತ್ತಿಲ್ಲ ಅಂದರೆ ಸೊನ್ನೆ

ದೊಡ್ಡ ಮೇಡಂ ಕೊಟ್ಟಿದ್ದು ನಾಲ್ಕು ಹಾಳೆ, ಮೂಲೆಯಲ್ಲಿ ಒಂದು ಪಿನ್ನು. ಮೇಲೆ 'ರಕ್ತ ಏರಿಸುವುದು' ಎಂಬ ಶೀರ್ಷಿಕೆ, ಕೆಳಗೆ ತಲೆಬರಹಗಳು, ತಲೆಬರಹಗಳ ಕೆಳಗೆ ಅಂಕಿ ಹಾಕಿದ ಸಾಲುಗಳು. ನರ್ಸಿಂಗ್ ಕಾಲೇಜಿನ ಎರಡನೇ ವರ್ಷದವರಿಗೆ ಆ ಪಾಠವನ್ನು ಅವರು ಇದೇ ಹಾಳೆ ಹಿಡಿದು ಎಷ್ಟೋ ವರ್ಷಗಳಿಂದ ಮಾಡುತ್ತ ಬಂದಿದ್ದರು.

"ಇದನ್ನೇ ಆಟ ಮಾಡ್ತೀಯ?" ಎಂದು ಕೇಳಿದರು. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ಅದು ಇಳಿದಾಗ ಎದುರಿಗಿದ್ದವರು ಸ್ವಲ್ಪ ಹುಷಾರಾಗಿರಬೇಕು ಎಂಬುದು ಕಾಲೇಜಿಗೆಲ್ಲ ಗೊತ್ತಿದ್ದ ಮಾತು.

"ಹೌದು ಮೇಡಂ. ನಾಲ್ಕು ತಂಡ, ನಾಲ್ಕು ಸುತ್ತು. ಒಂದೇ ಪೀರಿಯಡ್ಡು."

"ಮಾಡು. ನಾನೂ ಹಿಂದೆ ಕೂತ್ಕೋತೀನಿ. ಬರೀ ಕೂಗಾಟ ಆದ್ರೆ ಮಾರನೇ ದಿನದಿಂದ ನಾನು ನೋಟ್ಸ್ ಓದಿಸ್ತೀನಿ, ಆಯ್ತಾ?"

ಆಯ್ತು ಎಂದು ಚಿಕ್ಕ ಮೇಡಂ ಹಾಳೆ ತೆಗೆದುಕೊಂಡು ಬಂದಳು. ಚಿಕ್ಕ ಮೇಡಂ ಎಂದರೆ ಸೇರಿ ಇನ್ನೂ ಎರಡು ವರ್ಷ ತುಂಬದ ಸಹಾಯಕ ಉಪನ್ಯಾಸಕಿ. ಹೆಸರು ಹಿಡಿದು ಕರೆಯುವಷ್ಟು ಹಳಬಳಾಗಿರಲಿಲ್ಲ. ದೊಡ್ಡವರೊಬ್ಬರು ಇದ್ದುದರಿಂದ ಇವಳು ಚಿಕ್ಕವಳಾದಳು, ಅಷ್ಟೇ.

ಆಟ ಬೇಕಿದ್ದುದು ತರಗತಿಗೆಲ್ಲ ನಿಜ. ಆದರೆ ಅವಳ ಮನಸ್ಸಿನಲ್ಲಿದ್ದವಳು ಒಬ್ಬಳೇ. ಆ ಹುಡುಗಿಯನ್ನು ಎಲ್ಲರೂ 'ಹುಂ' ಎನ್ನುತ್ತಿದ್ದರು. ಏನು ಕೇಳಿದರೂ ಅವಳ ಬಾಯಿಂದ ಬರುತ್ತಿದ್ದುದು ಅದೊಂದೇ. ವಾರ್ಡಿನಲ್ಲಿ ಅವಳ ಕೈಕೆಲಸ ಅಚ್ಚುಕಟ್ಟು, ಬರೆದ ಉತ್ತರವೂ ಪರವಾಗಿಲ್ಲ. ಹೋದ ವರ್ಷ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕಿಯ ಎದುರು ಬಾಯಿಗೆ ಬೀಗ ಬಿದ್ದಂತೆ ಕೂತಿದ್ದಳು. ಮೊದಲ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಅಲ್ಲಿಂದ ಮುಂದಿನದಕ್ಕೆಲ್ಲ ಗೊತ್ತಿದ್ದರೂ ನಾಲಗೆ ಏಳಲಿಲ್ಲ. ಪರೀಕ್ಷಕಿ ಸೊನ್ನೆಗೆ ಹತ್ತಿರದ ಅಂಕ ಹಾಕಿ ಎದ್ದು ಹೋದಳು. ವರ್ಷ ಹಿಂದೆ ಬಿದ್ದ ಹುಂ ಈಗ ತನಗಿಂತ ಕಿರಿಯರ ಜೊತೆ ಕೂತಿದ್ದಳು. ಈ ಸಲವೂ ಹೋದರೆ ಕಾಲೇಜಿನ ನಿಯಮದ ಪ್ರಕಾರ ಕೋರ್ಸೇ ಬಿಡಬೇಕು. ಮೌಖಿಕ ಪರೀಕ್ಷೆ ಮುಂದಿನ ವಾರ.

ಮನೆಗೆ ಬಂದು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಆ ಹಾಳೆಗಳಲ್ಲಿದ್ದ ಪಾಠದ ರೂಪುರೇಷೆಯ ಒಂದೊಂದು ಸಾಲನ್ನೂ ಪ್ರಶ್ನೆಯಾಗಿ ಮಾಡುವುದು ಮೇಲುನೋಟಕ್ಕೆ ಸುಲಭ. 'ಬ್ಯಾಗು ಫ್ರಿಜ್ಜಿನಿಂದ ಹೊರಬಂದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಯಬೇಕು' ಎಂಬುದನ್ನು 'ಎಷ್ಟು ಗಂಟೆಯೊಳಗೆ?' ಎಂದು ತಿರುಗಿಸಿದರೆ ಪ್ರಶ್ನೆಯಾಯಿತು. ಆದರೆ ಅದು ಬಾಯಿಪಾಠ ಒಪ್ಪಿಸುವ ಪ್ರಶ್ನೆ. 'ವಾರ್ಡಿಗೆ ಬಂದ ಬ್ಯಾಗು ಮೇಜಿನ ಮೇಲೇ ಉಳಿದುಹೋಗಿದೆ, ರೋಗಿ ಸ್ಕ್ಯಾನಿಂಗಿಗೆ ಹೋಗಿದ್ದಾರೆ, ಏನು ಮಾಡುತ್ತೀರಿ?' ಎಂದು ಕೇಳಿದರೆ ಯೋಚಿಸಬೇಕಾಗುತ್ತದೆ. ಅವಳು ಎರಡು ಬಗೆಯನ್ನೂ ಇಟ್ಟಳು. ಸುಲಭದ್ದು ಮೊದಲ ಸುತ್ತಿಗೆ, ಸರಿಯೋ ತಪ್ಪೋ ಎಂದು ಎಲ್ಲ ತಂಡಗಳೂ ಒಟ್ಟಿಗೆ ಕಾರ್ಡು ಎತ್ತಬೇಕು. ಎರಡನೆಯ ಸುತ್ತು ನೇರ ಪ್ರಶ್ನೆ. ಮೂರನೆಯದರಲ್ಲಿ ಕೆಲಸಗಳನ್ನು ಬರೆದ ಚೀಟಿಗಳನ್ನು ಕ್ರಮವಾಗಿ ಜೋಡಿಸಬೇಕು. ಕೊನೆಯದು ವಾರ್ಡಿನ ಸನ್ನಿವೇಶ.

ಪ್ರತಿ ಪ್ರಶ್ನೆಗೂ ಎರಡು ಸ್ಲೈಡು. ಒಂದರಲ್ಲಿ ಪ್ರಶ್ನೆ ಮಾತ್ರ. ಮುಂದಿನದರಲ್ಲಿ ಉತ್ತರ, ಉತ್ತರದ ಕೆಳಗೆ ಒಂದು ಸಾಲಿನ ಕಾರಣ, ಮೂಲೆಯಲ್ಲಿ ಅದು ಯಾವ ತಲೆಬರಹದ್ದು ಎಂಬ ಅಂಕಿ. ತಪ್ಪು ಮಾಡಿದವರು ಮನೆಗೆ ಹೋಗಿ ಅದೇ ತಲೆಬರಹ ಓದಿಕೊಳ್ಳಲಿ ಎಂದು.

"ಏನೇ ಇದು, ಮಕ್ಕಳಾಟ?" ಎಂದು ಅಣ್ಣ ಬಂದು ಕುರ್ಚಿ ಎಳೆದುಕೊಂಡ. ಅವನದು ಕನ್ನಡಕದ ಅಂಗಡಿ. ಎಲ್ಲವನ್ನೂ ಒಂದು ಕಣ್ಣು ಮುಚ್ಚಿ ನೋಡುವುದು ಅಭ್ಯಾಸ.

"ಆಡಿ ನೋಡು. ಅತ್ತಿಗೆ, ನೀವೂ ಬನ್ನಿ. ಅಮ್ಮ, ನೀನೂ."

"ನನಗೇನು ಗೊತ್ತೇ ರಕ್ತದ ವಿಷ್ಯ?" ಎಂದಳು ಅಮ್ಮ. ಬಂದು ಕೂತಳು ಮಾತ್ರ.

ಚಿಕ್ಕ ಮೇಡಂ ಪ್ರಶ್ನೆ ಓದತೊಡಗಿದಳು. "ರಕ್ತ ಹೋಗುತ್ತಿರುವ ಟ್ಯೂಬಿನಲ್ಲೇ..." ಅಷ್ಟರಲ್ಲಿ ಅಣ್ಣ ತಟ್ಟೆಗೆ ಚಮಚದಿಂದ ಬಡಿದ. ಟಣ್!

"ಪ್ರಶ್ನೆ ಮುಗಿದೇ ಇಲ್ಲ ಕಣೋ!"

"ಮೊದಲು ಬಡಿದವರಿಗೆ ತಾನೇ ಚಾನ್ಸು?"

"ಉತ್ತರ ಏನು ಹೇಳು ಹಾಗಾದ್ರೆ."

"ಅದು ಬೇರೆ ವಿಷ್ಯ."

ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮದುವೆ ಮಾತುಕತೇಲೂ ಇವರು ಹೀಗೇ, ಕೇಳೋ ಮೊದ್ಲೇ ಹೂಂ ಅಂದಿದ್ದು."

ಚಿಕ್ಕ ಮೇಡಂ ಬಡಿಯುವ ನಿಯಮವನ್ನೇ ಹೊಡೆದುಹಾಕಿದಳು. ಮೊದಲು ಬಡಿದವರಿಗೆ ಅವಕಾಶ ಎಂದರೆ ಹುಂಗೆ ಒಂದು ಅವಕಾಶವೂ ಸಿಗುವುದಿಲ್ಲ. ಸರದಿ ಇರಲಿ. ತಂಡದವರು ಪಿಸುಗುಟ್ಟಿಕೊಳ್ಳಲಿ, ಆದರೆ ಉತ್ತರ ಹೇಳುವುದು ಆ ಸುತ್ತಿನಲ್ಲಿ ಯಾರ ಸರದಿಯೋ ಅವರೇ.

ಮುಂದಿನ ಪ್ರಶ್ನೆ ಅಮ್ಮನಿಗೆ. ಅಮ್ಮ ತುಟಿ ಬಿಗಿದು ಕೂತಳು.

"ಹೇಳಮ್ಮ. ಗೊತ್ತಿಲ್ಲ ಅಂತಾದ್ರೂ ಹೇಳು."

"ಗೊತ್ತಿಲ್ಲ ಅಂದ್ರೆ ಎಷ್ಟು?"

"ಮೈನಸ್ ಐದು. ತಪ್ಪು ಹೇಳಿದ್ರೂ ಮೈನಸ್ ಐದು."

"ಸುಮ್ನೆ ಕೂತ್ರೆ?"

ಚಿಕ್ಕ ಮೇಡಂ ಹಾಳೆ ನೋಡಿದಳು. ಅದಕ್ಕೆ ನಿಯಮವೇ ಬರೆದಿರಲಿಲ್ಲ. "ಸುಮ್ನೆ ಕೂತ್ರೆ... ಏನೂ ಇಲ್ಲ."

"ಮತ್ತೆ ನಾನ್ಯಾಕೆ ಬಾಯಿಬಿಟ್ಟು ಐದು ಕಳ್ಕೊಳ್ಳಲಿ?" ಎಂದು ಅಮ್ಮ ಸೆರಗು ಸರಿಮಾಡಿಕೊಂಡಳು. "ನಾನು ಕೂತೆ ಸುಮ್ನೆ."

ಚಿಕ್ಕ ಮೇಡಂ ಅಮ್ಮನ ಮುಖ ನೋಡಿದಳು. ಹೋದ ವರ್ಷ ಹುಂ ಕೂತಿದ್ದುದೂ ಹೀಗೇ. ಬಾಯಿ ಬಿಟ್ಟರೆ ನಷ್ಟ, ಮುಚ್ಚಿಕೊಂಡರೆ ಕ್ಷೇಮ ಎಂದು ಅವಳಿಗೆ ಯಾರು ಕಲಿಸಿದರೋ! ಅಂಕಗಳ ಪಟ್ಟಿಯನ್ನು ಅಳಿಸಿ ಹೊಸದಾಗಿ ಬರೆದಳು. ಸರಿ ಉತ್ತರಕ್ಕೆ ಹತ್ತು, ಕಾರಣವನ್ನೂ ಹೇಳಿದರೆ ಇನ್ನೈದು. ತಪ್ಪಿಗೆ ಸೊನ್ನೆ, ಪ್ರಶ್ನೆ ಮುಂದಿನ ತಂಡಕ್ಕೆ. 'ಗೊತ್ತಿಲ್ಲ' ಎಂದು ಬಾಯಿಬಿಟ್ಟು ಹೇಳಿದರೂ ಸೊನ್ನೆ. ಕಳೆಯುವುದು ಸುಮ್ಮನಿದ್ದವರಿಗೆ ಮಾತ್ರ, ಐದು.

ಅಣ್ಣ ಇನ್ನೊಂದು ಸಂದೇಹ ತೆಗೆದ. "ನಿನ್ನ ಉತ್ತರವೇ ತಪ್ಪಿದ್ರೆ?"

"ನನ್ನದು ಯಾಕೆ ತಪ್ಪಿರತ್ತೆ?"

"ಅಂಗಡೀಲಿ ನಾನೂ ಹಾಗೇ ಅಂತೀನಿ. ಗಿರಾಕಿ ಕನ್ನಡಕ ಹಾಕ್ಕೊಂಡು ಗೋಡೆಗೆ ಢಿಕ್ಕಿ ಹೊಡೀತಾನೆ."

ಅವನ ಬಾಯಿ ಮುಚ್ಚಿಸಲೆಂದೇ ಅವಳು ಆಕ್ಷೇಪಣೆಯ ನಿಯಮ ಸೇರಿಸಿದಳು. ಪ್ರತಿ ತಂಡಕ್ಕೆ ಒಂದು ಆಕ್ಷೇಪಣೆ. ಉತ್ತರ ಹೇಳಿದವರೇ ಎದ್ದುನಿಂತು ಕಾರಣ ಕೊಡಬೇಕು. ಗೆದ್ದರೆ ಪೂರ್ತಿ ಅಂಕದ ಮೇಲೆ ಹತ್ತು, ಸೋತರೆ ಐದು ಕಡಿಮೆ. ಯಾರೂ ಅದನ್ನು ಬಳಸಲಾರರು ಎಂದುಕೊಂಡಳು.

ಆಮೇಲೆ ಉಳಿದದ್ದು ಮೂರನೇ ಸುತ್ತಿನ ಸ್ಲೈಡುಗಳು. ಪ್ರಶ್ನೆ ಕಟ್ಟುವುದರಲ್ಲೇ ತಲೆ ಖಾಲಿಯಾಗಿತ್ತು. ಇವು ಕ್ರಮದ ಪ್ರಶ್ನೆಗಳು. ರೂಪುರೇಷೆಯಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಹಾಕಿಯೇ ಇತ್ತು. ಅವುಗಳನ್ನು ಹಾಗೆಹಾಗೆಯೇ ಉತ್ತರದ ಸ್ಲೈಡಿಗೆ ಇಳಿಸಿದಳು. ಚೀಟಿಗಳಿಗೂ ಅವನ್ನೇ ಬರೆದು ಕತ್ತರಿಸಿ ಲಕೋಟೆಗೆ ಹಾಕಿದಳು.

ತರಗತಿಯ ಕೋಣೆಯಲ್ಲಿ ಬೆಂಚುಗಳನ್ನು ನಾಲ್ಕು ಗುಂಪು ಮಾಡಿದರು. ಕೆಂಪು, ನೀಲಿ, ಹಳದಿ, ಹಸಿರು. ಹುಂ ಹಸಿರು ತಂಡದಲ್ಲಿದ್ದಳು. ಆ ತಂಡದ ಮುಖಂಡ ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಹುಡುಗ, ಲಂಬು. ಕೆಂಪು ತಂಡದ ಮುಂದಾಳು ನೋಟ್ಸನ್ನು ಅಲ್ಪವಿರಾಮ ಸಮೇತ ಒಪ್ಪಿಸುವ ಹುಡುಗಿ. ಅವಳನ್ನು ಟೇಪ್‌ರೆಕಾರ್ಡರ್ ಎನ್ನುತ್ತಿದ್ದರು. ಅವಳಿಗೂ ಅದರಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. ಕೊನೆಯ ಬೆಂಚಿನಲ್ಲಿ ದೊಡ್ಡ ಮೇಡಂ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರಂತೆ ಕೂತಿದ್ದರು.

ಮೊದಲ ಸುತ್ತು ಸರಾಗ. 'ರಕ್ತ ಹೋಗುವ ಟ್ಯೂಬಿನಲ್ಲೇ ಡೆಕ್ಸ್ಟ್ರೋಸ್ ಎಂಬ ಸಕ್ಕರೆ ದ್ರಾವಣ ಕೊಡಬಹುದು' ಎಂಬುದಕ್ಕೆ ಮೂರು ತಂಡ ತಪ್ಪು ಎಂಬ ಕಾರ್ಡು ಎತ್ತಿದವು, ಹಳದಿ ಸರಿ ಎಂಬ ಕಾರ್ಡು ಎತ್ತಿತು. ಉತ್ತರದ ಸ್ಲೈಡು ಬಂತು: ಸಲೈನ್ ಮಾತ್ರ. ಡೆಕ್ಸ್ಟ್ರೋಸ್ ಸೇರಿದರೆ ಕೆಂಪು ರಕ್ತಕಣಗಳು ಅಂಟಿಕೊಳ್ಳುತ್ತವೆ, ಒಡೆಯುತ್ತವೆ.

"ಆಕ್ಷೇಪಣೆ ಇದ್ದವರು?" ಎಂದು ಚಿಕ್ಕ ಮೇಡಂ ನಿಯಮದಂತೆ ಕೇಳಿದಳು. ಪ್ರತಿ ಸ್ಲೈಡಿಗೂ ಕೇಳುತ್ತ ಹೋದಳು. ಅದು ಬಸ್ಸಿನಲ್ಲಿ 'ಟಿಕೆಟ್ ಟಿಕೆಟ್' ಎಂದಂತೆ ಆಗಿಹೋಯಿತು. ಯಾರೂ ತಲೆ ಎತ್ತಲಿಲ್ಲ.

ಎರಡನೇ ಸುತ್ತಿನಲ್ಲಿ ನೀಲಿ ತಂಡದವನೊಬ್ಬ ಎದ್ದು ನಿಂತು ಛಾವಣಿ ನೋಡತೊಡಗಿದ.

"ಅಲ್ಲೇನು ಬರೆದಿದ್ಯಾ?" ಎಂದು ಯಾರೋ ಕಿಚಾಯಿಸಿದರು.

"ಗೊತ್ತಿಲ್ಲ ಮೇಡಂ!" ಎಂದು ಅವನು ಗಟ್ಟಿಯಾಗಿ ಹೇಳಿ, ದೊಡ್ಡ ಬಹುಮಾನ ಗೆದ್ದವನಂತೆ ಕೂತ. ತರಗತಿ ಚಪ್ಪಾಳೆ ಹೊಡೆಯಿತು. ಸೊನ್ನೆ. ಹಿಂದಿನ ಬೆಂಚಿನಲ್ಲಿ ಕನ್ನಡಕ ಒಂದಿಷ್ಟು ಕೆಳಗೆ ಇಳಿಯಿತು.

ಮೂರನೇ ಸುತ್ತಿನಲ್ಲಿ ಹಸಿರು ತಂಡದಿಂದ ಹೇಳುವ ಸರದಿ ಹುಂಗೆ ಬಂತು. ಲಕೋಟೆ ಅವಳ ಕೈಗೆ ಹೋಯಿತು. ಪ್ರಶ್ನೆ ಪರದೆಯ ಮೇಲಿತ್ತು: 'ರಕ್ತ ಏರಿಸುವಾಗ ರೋಗಿಗೆ ಚಳಿ, ನಡುಕ, ಬೆನ್ನುನೋವು. ಮಾಡಬೇಕಾದ ಕೆಲಸಗಳನ್ನು ಕ್ರಮವಾಗಿ ಜೋಡಿಸಿ.'

ಐದು ಚೀಟಿ. ಬೆಂಚಿನ ಸುತ್ತ ತಲೆಗಳು ಬಾಗಿದವು. ಲಂಬು 'ವೈದ್ಯರಿಗೆ, ರಕ್ತನಿಧಿಗೆ ತಿಳಿಸು' ಎಂಬ ಚೀಟಿಯನ್ನು ಮೊದಲಿಗೆ ಇಟ್ಟ. ಹುಂ ಅದನ್ನು ಎತ್ತಿ ಮೂರನೆಯದು ಮಾಡಿದಳು. ಅವನು ಮತ್ತೆ ಮೇಲಿಟ್ಟ. ಅವಳು ಮತ್ತೆ ಇಳಿಸಿದಳು. ಮಾತಿಲ್ಲ, ಕಥೆಯಿಲ್ಲ, ಬೆರಳುಗಳದ್ದೇ ಜಗಳ. ಸಮಯ ಮುಗಿಯಿತು ಎಂದಾಗ ಅವಳು ಎದ್ದು ಚೀಟಿಗಳನ್ನೇ ನೋಡಿಕೊಂಡು ಓದಿದಳು. ದನಿ ಮೊದಲ ಬೆಂಚಿಗೂ ಕಷ್ಟದಿಂದ ತಲುಪಿತು. "ರಕ್ತ ನಿಲ್ಲಿಸು. ಹೊಸ ಟ್ಯೂಬಿನಲ್ಲಿ ಸಲೈನ್ ಕೊಟ್ಟು ಸೂಜಿಯ ದಾರಿ ಉಳಿಸು. ವೈದ್ಯರಿಗೆ, ರಕ್ತನಿಧಿಗೆ ತಿಳಿಸು. ರೋಗಿಯ ಗುರುತು, ಬ್ಯಾಗಿನ ಚೀಟಿ ಮತ್ತೆ ಹೊಂದಿಸಿ ನೋಡು. ಬ್ಯಾಗು, ಟ್ಯೂಬು ರಕ್ತನಿಧಿಗೆ ಕಳಿಸು."

ಹುಂ ಇಷ್ಟು ಉದ್ದ ಮಾತಾಡಿದ್ದನ್ನು ತರಗತಿ ಕೇಳಿದ್ದು ಅದೇ ಮೊದಲು. ಚಿಕ್ಕ ಮೇಡಂಗೆ ಖುಷಿಯಾಗಿ, ಆ ಖುಷಿಯಲ್ಲೇ ಕೈಯಲ್ಲಿದ್ದ ಉತ್ತರದ ಹಾಳೆ ನೋಡಿದಳು. ಹಾಳೆಯಲ್ಲಿ ಮೊದಲನೆಯದು 'ತಿಳಿಸು'.

"ತಪ್ಪು," ಎಂದಿತು ಅವಳ ಬಾಯಿ. "ಕೆಂಪು ತಂಡ?"

ಟೇಪ್‌ರೆಕಾರ್ಡರ್ ಚೀಟಿ ಮುಟ್ಟಲೂ ಇಲ್ಲ. ಕಣ್ಣು ಮುಚ್ಚಿ ಗಡಗಡ ಒಪ್ಪಿಸಿದಳು. ಮೊದಲು ತಿಳಿಸು, ಆಮೇಲೆ ನಿಲ್ಲಿಸು, ಆಮೇಲೆ ಸಲೈನ್... ಪರದೆಯ ಮೇಲೆ ಉತ್ತರ ಬಂತು. ಅಕ್ಷರಕ್ಕಕ್ಷರ ಅದೇ. ಕೆಂಪು ತಂಡ ಬೆಂಚು ಬಡಿಯಿತು. ಬೋರ್ಡಿನಲ್ಲಿ ಹತ್ತು ಬಿತ್ತು.

"ನಾನು ಹೇಳ್ಲಿಲ್ವಾ?" ಲಂಬು ಹಲ್ಲು ಕಚ್ಚಿಕೊಂಡು ಹೇಳಿದ. "ಟೀಮನ್ನೇ ಗುಂಡಿಗೆ ಹಾಕಿದ್ಯಲ್ಲ. ಬಾಯಿ ತೆಗೆದಿದ್ದೂ ಒಂದ್ಸಲ, ಅದೂ ಹೀಗೆ."

ಹುಂ ಕೂತಳು. ಚೀಟಿಗಳನ್ನು ಒಂದರ ಮೇಲೊಂದು ಇಟ್ಟು ಅಂಚು ಸರಿಮಾಡಿದಳು. ಅವಳ ಮುಖ ಹೋದ ವರ್ಷದ್ದಾಗಿತ್ತು.

"ಆಕ್ಷೇಪಣೆ ಇದ್ದವರು?" ಚಿಕ್ಕ ಮೇಡಂ ಕೇಳಿದಳು. ಹೆಬ್ಬೆರಳು ಮುಂದಿನ ಸ್ಲೈಡಿನ ಗುಂಡಿಯ ಮೇಲಿತ್ತು.

ಹಸಿರು ತಂಡದಿಂದ ಒಂದು ಕೈ ಎದ್ದಿತು. ಪೂರ್ತಿ ಎದ್ದಿತು ಎನ್ನಲಾಗದು. ಮೊಣಕೈ ಬೆಂಚಿನ ಮೇಲೇ ಇತ್ತು.

ಆ ಕೈ ನೋಡಿ ಚಿಕ್ಕ ಮೇಡಂ ಮೊದಲ ಸಲ ತಿರುಗಿ ಪರದೆಯನ್ನು ನಿಜವಾಗಿ ಓದಿದಳು. ಮೂರು ವರ್ಷ ವಾರ್ಡಿನಲ್ಲಿ ದುಡಿದು ಬಂದವಳು ಅವಳು. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಮೊದಲು ಕೈ ಹೋಗುವುದು ರಕ್ತ ನಿಲ್ಲಿಸಲು ಟ್ಯೂಬಿನ ತಿರುಪಿಗೆ. ಆ ಸ್ಲೈಡು ಮಾಡುವಾಗ ಅವಳು ವಾರ್ಡಿನಲ್ಲಿರಲಿಲ್ಲ, ಹಾಳೆಯಲ್ಲಿದ್ದಳು. ಒಂದು, ಎರಡು, ಮೂರು ಎಂಬ ಅಂಕಿ ಕಂಡು, ಅದೇ ಕ್ರಮ ಎಂದುಕೊಂಡಳು.

ತಾನೇ ಹೇಳಿಬಿಡಬಹುದಿತ್ತು. 'ಅಯ್ಯೋ, ಸ್ಲೈಡಿನಲ್ಲಿ ಮೇಲೆಕೆಳಗಾಗಿದೆ' ಎಂದು ನಕ್ಕರೆ ಮುಗಿಯಿತು. ಹಿಂದೆ ಕೂತವರ ಎದುರು ಮರ್ಯಾದೆಯೂ ಉಳಿಯುತ್ತದೆ, ಹಸಿರು ತಂಡಕ್ಕೆ ಅಂಕವೂ ಬರುತ್ತದೆ. ಎದ್ದ ಕೈ ಮಾತ್ರ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಮುಂದಿನ ವಾರ ಪರೀಕ್ಷಕಿಯ ಎದುರು ಈ ಹುಡುಗಿಯ ಪರವಾಗಿ ಮಾತಾಡಲು ಯಾರೂ ಇರುವುದಿಲ್ಲ.

"ಎದ್ದು ನಿಂತು ಕಾರಣ ಹೇಳು," ಎಂದಳು.

ಹುಂ ಎದ್ದಳು. ಮಾತಿಲ್ಲ. ಫ್ಯಾನಿನ ಸದ್ದು ಇದ್ದಕ್ಕಿದ್ದಂತೆ ದೊಡ್ಡದಾಯಿತು.

"ಮೈನಸ್ ಐದು!" ಎಂದು ಕೆಂಪು ತಂಡದಿಂದ ಒಬ್ಬ ಕೂಗಿದ.

"ಸಮಯ ಮುಗಿದಿಲ್ಲ," ಎಂದಳು ಚಿಕ್ಕ ಮೇಡಂ. ಆಕ್ಷೇಪಣೆಗೆ ಎಷ್ಟು ಸಮಯ ಎಂದು ಅವಳು ಬರೆದೇ ಇರಲಿಲ್ಲ. "ಅವಳು ಹೇಳ್ತಾಳೆ. ನೀನು ಕೂತ್ಕೋ."

ಕೊನೆಯ ಬೆಂಚಿನಲ್ಲಿ ದೊಡ್ಡ ಮೇಡಂ ಕೈಚೀಲ ಪಕ್ಕಕ್ಕಿಟ್ಟರು. ಚಿಕ್ಕ ಮೇಡಂ ಅತ್ತ ನೋಡಲಿಲ್ಲ.

"ರಕ್ತ..." ಎಂದಳು ಹುಂ. "ಫೋನ್ ಮಾಡಕ್ಕೆ ಹೋದ್ರೆ, ಡಾಕ್ಟರ್ ಸಿಗೋವರೆಗೂ ರಕ್ತ ಹೋಗ್ತಾನೇ ಇರತ್ತಲ್ಲ ಮೇಡಂ, ಒಳಗೆ."

"ಮುಂದೆ?"

"ಅದ್ರಿಂದ್ಲೇ ತೊಂದ್ರೆ ಆಗ್ತಿರೋದು. ಎಷ್ಟು ಹೋದ್ರೆ ಅಷ್ಟು ಕೆಟ್ಟದ್ದು. ಅದಕ್ಕೆ ಮೊದ್ಲು ನಿಲ್ಲಿಸ್ಬೇಕು. ಟ್ಯೂಬಲ್ಲಿ ಇರೋದೂ ಅದೇ ರಕ್ತ, ಅದಕ್ಕೇ ಟ್ಯೂಬೂ ಹೊಸದು. ಆಮೇಲೆ ಫೋನು." ಒಂದು ಉಸಿರು ಎಳೆದುಕೊಂಡಳು. "ನಿಲ್ಲಿಸ್ತಾ ನಿಲ್ಲಿಸ್ತಾ ಕೂಗಿ ಯಾರನ್ನಾದ್ರೂ ಕರೀಬಹುದು. ಬಿಟ್ಟು ಹೋಗೋ ಹಾಗಿಲ್ಲ."

"ನೋಟ್ಸಲ್ಲಿ ಮೊದಲ್ನೇದು ತಿಳಿಸು ಅಂತಾನೇ ಇದೆ!" ಟೇಪ್‌ರೆಕಾರ್ಡರ್ ಎದ್ದಳು. "ದೊಡ್ಡ ಮೇಡಂ ಹೇಳಿದ್ದು. ನಾನು ಹಾಗೇ ಬರ್ಕೊಂಡಿದೀನಿ."

ಎಲ್ಲರ ಕತ್ತೂ ಹಿಂದಕ್ಕೆ ತಿರುಗಿತು.

ಚಿಕ್ಕ ಮೇಡಂ ಕಾಯಲಿಲ್ಲ. "ಸ್ಲೈಡು ತಪ್ಪು," ಎಂದಳು. "ನಾನು ಮಾಡಿದ್ದು, ನನ್ನ ತಪ್ಪು. ಆಕ್ಷೇಪಣೆ ಸರಿ. ಹಸಿರಿಗೆ ಹತ್ತು, ಕಾರಣಕ್ಕೆ ಐದು, ಅದರ ಮೇಲೆ ಹತ್ತು. ಕೆಂಪಿನ ಹತ್ತು ಅಳಿಸಿ." ಎಲ್ಲರೂ ನೋಡುತ್ತಿದ್ದಂತೆಯೇ ಆಟ ನಿಲ್ಲಿಸಿ ಸ್ಲೈಡು ತೆರೆದು 'ತಿಳಿಸು' ಎಂಬ ಸಾಲನ್ನು ಎಳೆದು ಮೂರನೆಯ ಜಾಗಕ್ಕೆ ಇಳಿಸಿದಳು. ಅದು ಮೊದಲು ನಾಲ್ಕನೆಯದಕ್ಕೆ ಹೋಯಿತು.

"ಮೂರು," ಎಂದರು ಹಿಂದಿನಿಂದ ದೊಡ್ಡ ಮೇಡಂ.

ಅವರು ಎದ್ದು ನಿಂತಿದ್ದರು. ಇನ್ನೇನು ಗುಡುಗು ಎಂದು ಮುಂದಿನ ಸಾಲಿನವರು ತಲೆ ತಗ್ಗಿಸಿದರು.

"ಆ ಹಾಳೇಲಿ ಇರೋದು ನಾನು ಹೇಳೋ ಕ್ರಮ, ನೀವು ಮಾಡೋ ಕ್ರಮ ಅಲ್ಲ," ಎಂದರು. "ತಿಳಿಸೋದನ್ನ ಎಲ್ಲರೂ ಮರೀತಾರೆ, ನಿಲ್ಲಿಸೋದನ್ನ ಯಾರೂ ಮರೆಯಲ್ಲ ಅಂತ ಅದನ್ನ ಮೊದಲು ಹೇಳ್ತಿದ್ದೆ. ಅಂಕಿ ಹಾಕಿದ್ದು ನಂದೇ ಎಡವಟ್ಟು." ಟೇಪ್‌ರೆಕಾರ್ಡರ್ ಕಡೆ ನೋಡಿದರು. "ಇಷ್ಟು ವರ್ಷ ನೋಟ್ಸ್ ಓದಿಸಿದೀನಿ. ಎಲ್ಲರೂ ಹೀಗೇ ಬರ್ಕೊಂಡಿರ್ತಾರೆ. ಒಬ್ಬರೂ ಕೇಳಿಲ್ಲ."

ಟೇಪ್‌ರೆಕಾರ್ಡರ್ ಪೆನ್ನು ತೆಗೆದು ತನ್ನ ನೋಟ್ಸಿನಲ್ಲಿ ಬಾಣದ ಗುರುತು ಹಾಕಿದಳು. "ಮೇಡಂ, ಇದನ್ನ ಎರಡು ಬಣ್ಣದಲ್ಲಿ ಬರ್ಕೊಳ್ಳಾ?" ಎಂದು ಕೇಳಿದಳು. ತರಗತಿ ನಕ್ಕಿತು.

ಕೊನೆಗೆ ಆಟ ಗೆದ್ದವರು ನೀಲಿ ತಂಡದವರು. ಆ ಗಲಾಟೆಯಲ್ಲಿ ಅವರನ್ನು ಯಾರೂ ಗಮನಿಸಿರಲಿಲ್ಲ. ಲಂಬು ಹೊರಡುವಾಗ ಹುಂ ಕಡೆ ನೋಡದೆಯೇ "ಇಪ್ಪತ್ತೈದು ಒಂದೇ ಏಟಿಗೆ" ಎಂದು ಗೊಣಗಿದ. ಅದು ಅವನು ಕೇಳಿದ ಕ್ಷಮೆ. ದೊಡ್ಡ ಮೇಡಂ ಬಾಗಿಲಲ್ಲಿ ನಿಂತು ಕೈಚೀಲದಿಂದ ಇನ್ನೊಂದು ಕಟ್ಟು ಹಾಳೆ ತೆಗೆದರು. 'ಆಮ್ಲಜನಕ ಕೊಡುವುದು'.

"ಇದಕ್ಕೂ ಮಾಡು. ಅಂಕಿ ನೋಡ್ಕೊಂಡು ಮಾಡು."

ಮುಂದಿನ ವಾರ ಮೌಖಿಕ ಪರೀಕ್ಷೆ. ಕೋಣೆಯ ಹೊರಗಿನ ಬೆಂಚಿನಲ್ಲಿ ಹುಡುಗರು ಸಾಲಾಗಿ ಕೂತು ತುಟಿ ಅಲ್ಲಾಡಿಸುತ್ತಿದ್ದರು. ಪರೀಕ್ಷಕಿ ಅದೇ ಹೋದ ವರ್ಷದವಳು. ಹುಂ ಒಳಗೆ ಹೋದಾಗ ಚಿಕ್ಕ ಮೇಡಂ ಹಾಜರಿ ಪುಸ್ತಕ ಹಿಡಿದು ಬಾಗಿಲ ಬಳಿ ನಿಂತಳು. ಅಲ್ಲಿ ಅವಳಿಗೆ ಏನೂ ಕೆಲಸವಿರಲಿಲ್ಲ.

ಒಳಗಿನಿಂದ ಪರೀಕ್ಷಕಿಯ ದನಿ ಕೇಳಿತು. ಆಮೇಲೆ ಏನೂ ಇಲ್ಲ. ಬಾಗಿಲಿನ ಬಣ್ಣ ಒಂದು ಕಡೆ ಸುಲಿದಿತ್ತು. ಚಿಕ್ಕ ಮೇಡಂ ಅದನ್ನೇ ನೋಡುತ್ತ ನಿಂತಳು. ಆಮೇಲೆ ತೀರ ಚಿಕ್ಕದೊಂದು ಮಾತು ಕೇಳಿತು, ಏನೆಂದು ತಿಳಿಯಲಿಲ್ಲ. ಮತ್ತೆ ಪರೀಕ್ಷಕಿಯ ದನಿ. ಈ ಸಲ ಉತ್ತರ ಬೇಗ ಬಂತು. ಅದರ ಹಿಂದೆಯೇ ಇನ್ನೊಂದು.

ಹುಂ ಹೊರಬಂದಳು. ಕುತ್ತಿಗೆಯೆಲ್ಲ ಬೆವರು.

"ಏನಾಯ್ತು?"

"ಐದು ಕೇಳಿದ್ರು ಮೇಡಂ. ನಾಲ್ಕು ಹೇಳ್ದೆ."

"ಇನ್ನೊಂದು?"

"ಮೊದಲ್ನೇದೇ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂದೆ. ಸರಿ, ಬೇರೆ ಕೇಳ್ತೀನಿ ಅಂದ್ರು."

"ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ್ಯಾ?"

"ಹುಂ," ಎಂದಳು ಹುಡುಗಿ.